ಬಗ್ಗೋಕೆ ಬರಲ್ಲ ಅನ್ನುವವರಿಗಾಗಿಯೇ ಬೆಳಗಿನ ಆರು ಗಂಟೆಯ ಯೋಗ ಬ್ಯಾಚ್

ಎಲ್ಲರಿಗೂ ನಮಸ್ಕಾರ.

ಜೂನ್ 1, ಸೋಮವಾರದಿಂದ ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಮಹಡಿಯಲ್ಲಿ ಹೊಸ ಬ್ಯಾಚ್ ಶುರು ಮಾಡುತ್ತಿದ್ದೇನೆ. ಇದು ಆಫೀಸಿಗೆ ಹೋಗುವವರಿಗೆ. ಯೋಗ ಮಾಡಿಯೇ ಗೊತ್ತಿಲ್ಲದವರಿಗೆ, ಇಲ್ಲವೇ ಯಾವಾಗಲೋ ಶುರು ಮಾಡಿ ಬಿಟ್ಟವರಿಗೆ. ಸೋಮವಾರ, ಬುಧವಾರ, ಶುಕ್ರವಾರ, ಬೆಳಗ್ಗೆ 6ರಿಂದ 6.50. ಎಂಟು ವಾರ, ಜುಲೈ 24ರವರೆಗೆ.

"ಮೇಡಂ, ನನಗೆ ಬಗ್ಗೋಕೇ ಬರಲ್ಲ, ಯೋಗ ಎಲ್ಲಿ ಮಾಡ್ಲಿ?" ಈ ಮಾತು ಕೇಳದ ವಾರವೇ ಇಲ್ಲ. ತರಕಾರಿ ಅಂಗಡಿಯಲ್ಲಿ ಕೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ. ಹೀಗೆ ಹೇಳುವವರಿಗಾಗಿಯೇ ಈ ಬ್ಯಾಚ್ ಇಟ್ಟಿದ್ದೇನೆ. ಮೈ ಬಿಗಿಯಾಗಿದೆ ಅಂತ ಯೋಗಕ್ಕೆ ಬರುವುದಿಲ್ಲ ಅನ್ನುವುದು, ಹಸಿವಾಗಿದೆ ಅಂತ ಊಟಕ್ಕೆ ಬರುವುದಿಲ್ಲ ಅಂದ ಹಾಗೆ.

ನಾನೂ ಹನ್ನೊಂದು ವರ್ಷ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೂತು ಕೆಲಸ ಮಾಡಿದವಳು. ಮಾರ್ಚ್ ಬಂತು ಅಂದರೆ ರಾತ್ರಿ ಒಂಬತ್ತಾದರೂ ಕುರ್ಚಿ ಬಿಟ್ಟು ಏಳುವ ಹಾಗಿರಲಿಲ್ಲ. ಸೊಂಟ ಹಿಡಿದುಕೊಳ್ಳಲು ಶುರುವಾಯಿತು. ಯಾರೋ ಹೇಳಿದರು ಅಂತ ಒಂದು ಯೋಗ ಕ್ಲಾಸಿಗೆ ಸೇರಿದೆ. ಎರಡನೇ ದಿನವೇ ಪಶ್ಚಿಮೋತ್ತಾನಾಸನ. ಕಾಲು ಚಾಚಿ ಕೂತು ಮುಂದಕ್ಕೆ ಬಾಗಿದ್ದೆ, ಕೈ ಮಂಡಿಯಿಂದ ಸ್ವಲ್ಪ ಮುಂದೆ ಹೋಗಿತ್ತು. ಅಲ್ಲಿನ ಟೀಚರ್ ಹಿಂದಿನಿಂದ ಬಂದು ಬೆನ್ನ ಮೇಲೆ ಎರಡೂ ಕೈ ಇಟ್ಟು ಒತ್ತಿದರು. ತೊಡೆಯ ಹಿಂಭಾಗದಲ್ಲಿ ಚಳಕ್ ಅಂತು. ಆಮೇಲೆ ಆರು ವಾರ ಬಸ್ಸಿನ ಮೆಟ್ಟಿಲು ಹತ್ತುವುದೂ ಕಷ್ಟವಾಗಿತ್ತು. ಯೋಗ ನನಗಲ್ಲ ಅಂತ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಮುಂದೆ ಒಳ್ಳೆಯ ಗುರುಗಳು ಸಿಕ್ಕಿದರು, ಅವರ ಹತ್ತಿರ ವರ್ಷಗಟ್ಟಲೆ ಕಲಿತೆ, ಕೆಲಸ ಬಿಟ್ಟು ಈಗ ಒಂಬತ್ತು ವರ್ಷದಿಂದ ಕಲಿಸುತ್ತಿದ್ದೇನೆ. ಆದರೆ ಆ ಚಳಕ್ ಅನ್ನುವ ಸದ್ದು ಮರೆತಿಲ್ಲ. ನನ್ನ ತರಗತಿಯಲ್ಲಿ ಯಾರ ಮೈಯನ್ನೂ ಒತ್ತುವುದಿಲ್ಲ, ಎಳೆಯುವುದಿಲ್ಲ. ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಸಾಕು.

ಇಡೀ ದಿನ ಕೂತಾಗ ಮೈಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳಬೇಕು. ತೊಡೆ ಮತ್ತು ಹೊಟ್ಟೆ ಸೇರುವ ಕಡೆ ಇರುವ ಸ್ನಾಯುಗಳು ಗಂಟೆಗಟ್ಟಲೆ ಮಡಚಿಕೊಂಡೇ ಇರುತ್ತವೆ. ಹೀಗೇ ವರ್ಷಗಳು ಕಳೆದರೆ ಅವು ಬಿಗಿಯಾಗುತ್ತವೆ. ನಿಂತಾಗಲೂ ಪೂರ್ತಿ ಬಿಚ್ಚಿಕೊಳ್ಳದೆ ಸೊಂಟವನ್ನು ಮುಂದಕ್ಕೆ ಎಳೆಯುತ್ತವೆ. ಸೊಂಟ ನೋಯುತ್ತದೆ ಅಂತ ನಾವು ಸೊಂಟಕ್ಕೆ ಮುಲಾಮು ಹಚ್ಚುತ್ತೇವೆ, ಎಳೆಯುತ್ತಿರುವುದು ಮಾತ್ರ ಮುಂದಿನ ಭಾಗ. ಮೇಲೆ ಕತ್ತು ಪರದೆಯ ಕಡೆಗೆ ಚಾಚಿರುತ್ತದೆ. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತಿರುತ್ತದೆ, ಹೊಟ್ಟೆಯವರೆಗೆ ಇಳಿಯುವುದೇ ಇಲ್ಲ. ಇದನ್ನು ಓದುತ್ತಿರುವಾಗಲೇ ಒಮ್ಮೆ ಗಮನಿಸಿ. ಹಲ್ಲು ಕಚ್ಚಿಕೊಂಡಿದ್ದೀರಾ? ಭುಜ ಕಿವಿಯ ಕಡೆಗೆ ಏರಿದೆಯಾ? ಉದ್ದಕ್ಕೆ ಒಂದು ಉಸಿರು ಬಿಟ್ಟು ಭುಜ ಇಳಿಸಿ. ಈಗ ಆದ ಆ ಸಣ್ಣ ಬದಲಾವಣೆ ಇದೆಯಲ್ಲ, ಎಂಟು ವಾರ ನಾವು ಮಾಡುವುದು ಅದನ್ನೇ, ಮೈ ಪೂರ್ತಿ.

ಬೆಳಗಿನ ಹೊತ್ತು ಮೈ ಇನ್ನೂ ಬಿಗಿ ಇರುತ್ತದೆ, ಅದಕ್ಕೂ ಕಾರಣವಿದೆ. ರಾತ್ರಿ ಮಲಗಿದಾಗ ಬೆನ್ನೆಲುಬಿನ ಮೂಳೆಗಳ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿಕೊಳ್ಳುತ್ತವೆ. ಬೆಳಗ್ಗೆ ನಮ್ಮ ಎತ್ತರ ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಜಾಸ್ತಿ ಇರುವುದು ಇದರಿಂದಲೇ. ಎದ್ದ ಕೂಡಲೇ ಬೆನ್ನು ಗೂನು ಮಾಡಿ ಕಾಲ್ಬೆರಳು ಮುಟ್ಟಲು ಹೋದರೆ ಆ ಡಿಸ್ಕ್‌ಗಳ ಮೇಲೆ ಜಾಸ್ತಿ ಒತ್ತಡ ಬೀಳುತ್ತದೆ. ಹಾಗಾಗಿ ಮೊದಲ ಇಪ್ಪತ್ತು ನಿಮಿಷ ನಾವು ಮುಂದಕ್ಕೆ ಬಾಗುವುದೇ ಇಲ್ಲ. ಆಮೇಲೂ ಮಂಡಿ ಮಡಚಿಕೊಂಡೇ ಬಾಗುತ್ತೇವೆ.

ಮೊದಲ ದಿನ ಹೀಗಿರುತ್ತದೆ. ಬಂದ ಕೂಡಲೇ ಅಂಗಾತ ಮಲಗುವುದು, ಮಂಡಿ ಮಡಚಿ, ಪಾದ ನೆಲಕ್ಕೆ ಊರಿ. ಒಂದು ಕೈ ಹೊಟ್ಟೆಯ ಮೇಲೆ. ನಿದ್ದೆ ಪೂರ್ತಿ ಬಿಟ್ಟಿರದಿದ್ದರೂ ಪರವಾಗಿಲ್ಲ. ಆಮೇಲೆ ಮಣಿಕಟ್ಟು, ಬೆರಳು, ಭುಜ, ಕತ್ತು. ಮೌಸ್ ಹಿಡಿಯುವ ಕೈಗೆ ಇನ್ನೊಂದು ನಿಮಿಷ ಜಾಸ್ತಿ. ನಂತರ ನಾಲ್ಕು ಕಾಲಿನ ಮೇಲೆ ನಿಂತ ಬೆಕ್ಕಿನ ಹಾಗೆ ಮಾರ್ಜಾಲಾಸನ, ಬೆನ್ನನ್ನು ಉಸಿರಿನ ಜೊತೆ ನಿಧಾನಕ್ಕೆ ಮೇಲೆ ಕೆಳಗೆ. ಆಮೇಲೆ ಎದ್ದು ತಾಡಾಸನ. ಸುಮ್ನೆ ನಿಲ್ಲುವುದು ಅಂತ ಅನ್ನಿಸುತ್ತದೆ, ಆದರೆ ತೂಕ ಎರಡೂ ಪಾದಗಳ ಮೇಲೆ ಸಮನಾಗಿ ಬೀಳುವ ಹಾಗೆ ನಿಲ್ಲುವುದನ್ನು ಕಲಿಯಲು ಒಂದು ವಾರ ಬೇಕು. ಎರಡನೇ ವಾರಕ್ಕೆ ನಿಂತು ಪಕ್ಕಕ್ಕೆ ಬಾಗುವ ಅರ್ಧಕಟಿಚಕ್ರಾಸನ ಮತ್ತು ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನ, ಅದೂ ಮೊಣಕೈ ನೆಲಕ್ಕೆ ಊರಿಕೊಂಡು. ಸೂರ್ಯ ನಮಸ್ಕಾರ ಮೂರನೇ ವಾರಕ್ಕಿಂತ ಮುಂಚೆ ಇಲ್ಲ. ಅದನ್ನೂ ಮೊದಲು ಕುರ್ಚಿ ಹಿಡಿದು ಕಲಿಯುತ್ತೇವೆ. ಬೇರೆ ಕಡೆ ಮೊದಲ ದಿನವೇ ಹನ್ನೆರಡು ಸುತ್ತು ಮಾಡಿಸುವುದನ್ನು ನೋಡಿದ್ದೇನೆ. ಆಫೀಸಿನವರ ಮಣಿಕಟ್ಟು ಮತ್ತು ಭುಜಕ್ಕೆ ಅದು ಒಳ್ಳೆಯದಲ್ಲ ಅಂತ ನನಗೆ ಖಚಿತವಾಗಿ ಅನ್ನಿಸುತ್ತದೆ.

ಕುರ್ಚಿ, ಬೆಲ್ಟು, ಇಟ್ಟಿಗೆಯಷ್ಟು ದಪ್ಪದ ಮರದ ತುಂಡು, ಮಡಚಿದ ಕಂಬಳಿ, ಇವೆಲ್ಲ ನಮ್ಮಲ್ಲಿವೆ. ಇವನ್ನು ಬಳಸಿದರೆ ಅದು ಯೋಗವೇ ಅಲ್ಲ ಅಂತ ಕೆಲವರಿಗೆ ಮುಜುಗರ. ಇವನ್ನೆಲ್ಲ ಆಸನ ಕಲಿಸಲು ಬಳಸಿ ಜಗತ್ತಿಗೇ ತೋರಿಸಿಕೊಟ್ಟವರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಚಿಕ್ಕಂದಿನಲ್ಲಿ ಅವರಿಗೆ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವೂ ಬಂದಿತ್ತು. ಮೈಸೂರಿನಲ್ಲಿ ಯೋಗ ಶುರು ಮಾಡಿದಾಗ ಅವರ ಮೈಯೂ ಬಿಗಿಯಾಗಿಯೇ ಇತ್ತು. ಅವರೇ ಕುರ್ಚಿ ಬಳಸಿದ ಮೇಲೆ ನಮಗೇನು ಸಂಕೋಚ, ಅಲ್ವಾ?

ಕಳೆದ ವರ್ಷದ ಬ್ಯಾಚಿನಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಬರುತ್ತಿದ್ದರು, ಐವತ್ತು ದಾಟಿದವರು. ಚಕ್ಕಳಮಕ್ಕಳ ಹಾಕಿ ಕೂತರೆ ಎರಡೂ ಮಂಡಿ ನೆಲದಿಂದ ಒಂದು ಗೇಣು ಮೇಲೆ ನಿಲ್ಲುತ್ತಿದ್ದವು. ಬೆನ್ನು ಹಿಂದಕ್ಕೆ ಬೀಳದ ಹಾಗೆ ಕೈಯಿಂದ ಮೊಣಕಾಲು ತಬ್ಬಿಕೊಳ್ಳುತ್ತಿದ್ದರು. ಕೂತಲ್ಲೇ ಬೆವರುತ್ತಿದ್ದರು ಪಾಪ. ಅವರ ಕೆಳಗೆ ಎರಡು ಕಂಬಳಿ ಮಡಚಿ ಹಾಕಿದೆ. ಸಾಲಲಿಲ್ಲ, ಇನ್ನೊಂದು ಹಾಕಿದೆ. ಸೊಂಟ ಮೇಲೆ ಬಂತು, ಮಂಡಿಗಳು ತಾವಾಗಿಯೇ ಕೆಳಗಿಳಿದವು, ತಬ್ಬಿಕೊಂಡಿದ್ದ ಕೈ ಸಡಿಲವಾಯಿತು. ಒಂದು ನಿಮಿಷ ಸುಮ್ಮನಿದ್ದು, "ಮೇಡಂ, ಉಸಿರು ಹೊಟ್ಟೆವರೆಗೂ ಹೋಗ್ತಾ ಇದೆ" ಅಂದರು. ಎರಡು ತಿಂಗಳಾದ ಮೇಲೆ ಮನೆಯ ಸತ್ಯನಾರಾಯಣ ಪೂಜೆಗೆ ಕುರ್ಚಿ ಕೇಳದೆ, ಹೆಂಡತಿಯ ಪಕ್ಕದಲ್ಲಿ ಮಣೆಯ ಮೇಲೆ ಪೂರ್ತಿ ಕೂತಿದ್ದೆ ಅಂತ ಬಂದು ಹೇಳಿದರು. ಅವರು ಇವತ್ತಿಗೂ ಕಾಲ್ಬೆರಳು ಮುಟ್ಟುವುದಿಲ್ಲ. ಅದರ ಅಗತ್ಯವೂ ಅವರಿಗಿಲ್ಲ.

ಕೊನೆಯ ಹತ್ತು ನಿಮಿಷ ಉಸಿರಾಟ ಮತ್ತು ಶವಾಸನ. ಒಂದೊಂದೇ ಮೂಗಿನ ಹೊಳ್ಳೆಯಿಂದ ಉಸಿರಾಡುವ ನಾಡಿಶೋಧನ, ದುಂಬಿಯ ಹಾಗೆ ಗುಂಯ್‌ಗುಡುವ ಭ್ರಾಮರಿ ಇಷ್ಟೇ. ಉಸಿರು ಹಿಡಿದಿಡುವುದಿಲ್ಲ. ರಭಸದಿಂದ ಉಸಿರು ಹೊರಹಾಕುವ ಕಪಾಲಭಾತಿ ಈ ಬ್ಯಾಚಿನಲ್ಲಿ ಇಲ್ಲ, ಬಿಪಿ ಇರುವವರು ಬಹಳ ಜನ ಬರುತ್ತಾರೆ. ಶವಾಸನವನ್ನು ಮಾತ್ರ ದಯವಿಟ್ಟು ಬಿಟ್ಟು ಹೋಗಬೇಡಿ. ಬ್ಯಾಗು ತೆಗೆದುಕೊಂಡು ಸದ್ದಿಲ್ಲದೆ ಎದ್ದು ಹೋಗುವವರನ್ನು ಕಂಡಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಇಷ್ಟು ಹೊತ್ತು ಮಾಡಿದ್ದನ್ನು ಮೈ ತನ್ನದಾಗಿಸಿಕೊಳ್ಳುವುದು ಆ ಐದು ನಿಮಿಷದಲ್ಲೇ.

ಹಾಗೆ ಎದ್ದು ಹೋಗುವ ಅವಸರ ಯಾರಿಗೂ ಬರಬಾರದು ಅಂತಲೇ ಸಮಯದ ವಿಷಯದಲ್ಲಿ ಕಟ್ಟುನಿಟ್ಟು. 6.50 ಅಂದರೆ 6.50. ಆಫೀಸ್ ಬಸ್ಸು ತಪ್ಪಿದರೆ ಇಡೀ ದಿನ ಹೇಗಿರುತ್ತದೆ ಅಂತ ನನಗೆ ಗೊತ್ತು. ಬನಶಂಕರಿ ಮೆಟ್ರೋ ನಿಲ್ದಾಣಕ್ಕೆ ಇಲ್ಲಿಂದ ನಡೆದುಕೊಂಡೇ ಹೋಗಬಹುದು. ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗ ಹಿಡಿಯಬಹುದು. ಮನೆಗೆ ಹೋಗಿ ಸ್ನಾನ, ತಿಂಡಿ ಮುಗಿಸಿ ಹೊರಡಲೂ ಸಮಯ ಸಿಗುತ್ತದೆ. ಬೆಳಗ್ಗೆ ತಡವಾದರೆ 6.10ರವರೆಗೆ ಬನ್ನಿ, ಬಾಗಿಲು ಬಡಿಯದೆ ಒಳಗೆ ಬಂದು ಹಿಂದೆ ಮಲಗಿ. ಒಂದು ದಿನ ತಪ್ಪಿತು ಅಂತ ಇಡೀ ವಾರ ಬಿಡಬೇಡಿ. ನೈಟ್ ಶಿಫ್ಟ್ ಮುಗಿಸಿ ಬರುವವರು ನೇರವಾಗಿ ಆಸನಕ್ಕೆ ಇಳಿಯುವುದು ಬೇಡ. ಮೊದಲೇ ಹೇಳಿ, ಅವತ್ತು ನಿಮಗೆ ಗೋಡೆಗೆ ಕಾಲು ಎತ್ತಿಟ್ಟು ಮಲಗುವ ವಿಪರೀತ ಕರಣಿ ಮತ್ತು ಉಸಿರಾಟ ಮಾತ್ರ.

ಖಾಲಿ ಹೊಟ್ಟೆಯಲ್ಲಿ ಬನ್ನಿ. ಬಿಸಿನೀರು ಕುಡಿಯಬಹುದು. ಕಾಫಿ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಅರ್ಧ ಗಂಟೆ ಮುಂಚೆ ಅರ್ಧ ಲೋಟ ಕುಡಿದು ಬನ್ನಿ, ನಾನೇನೂ ಅನ್ನುವುದಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಏನು ತಿನ್ನಬೇಕು ಅಂತ ನಿಮ್ಮ ಡಾಕ್ಟರನ್ನು ಕೇಳಿ, ನನಗೂ ತಿಳಿಸಿ. ಡಿಸ್ಕ್ ತೊಂದರೆ, ಬಿಪಿ, ಗ್ಲಾಕೋಮಾ, ಹತ್ತಿರದಲ್ಲಿ ಆದ ಆಪರೇಷನ್, ಯಾವುದನ್ನೂ ಮುಚ್ಚಿಡಬೇಡಿ. ಗ್ಲಾಕೋಮಾ ಇದ್ದರೆ ತಲೆ ಕೆಳಗೆ ಹೋಗುವ ಆಸನ ಮಾಡಿಸುವುದಿಲ್ಲ. ಗರ್ಭಿಣಿಯರಿಗೆ ಈ ಬ್ಯಾಚ್ ಸರಿಹೋಗುವುದಿಲ್ಲ, ಅವರಿಗೆ ಬೇರೆ ರೀತಿಯೇ ಕಲಿಸಬೇಕು. ಮುಟ್ಟಿನ ದಿನಗಳಲ್ಲಿ ಬರುವುದು ಬಿಡುವುದು ನಿಮ್ಮಿಷ್ಟ. ಬಂದರೆ ಹಗುರವಾದದ್ದನ್ನು ಮಾಡಿಸುತ್ತೇನೆ, ಕಾರಣ ಹೇಳಬೇಕಾಗಿಲ್ಲ, ನನ್ನ ಕಡೆ ಕೈ ಎತ್ತಿದರೆ ಸಾಕು.

ಹೊಸ ಬಟ್ಟೆ ಕೊಳ್ಳಬೇಡಿ. ಹಳೆಯ ಟೀ ಶರ್ಟು, ಪೈಜಾಮ, ಚೂಡಿದಾರ್ ಯಾವುದಾದರೂ ಸರಿ. ಮ್ಯಾಟು ಇಲ್ಲಿದೆ. ಮಲಗಲು ಮನೆಯಿಂದ ಒಂದು ಜಮಖಾನ ಅಥವಾ ದಪ್ಪ ಬೆಡ್‌ಶೀಟ್ ತನ್ನಿ. ಜೂನ್ ಮಳೆಯಲ್ಲಿ ನೆಲ ತಣ್ಣಗಿರುತ್ತದೆ.

ಜಾಗ ಹನ್ನೆರಡು ಜನಕ್ಕೆ ಮಾತ್ರ. ಅದಕ್ಕಿಂತ ಜಾಸ್ತಿಯಾದರೆ ಒಬ್ಬೊಬ್ಬರನ್ನೂ ನೋಡಲು ನನ್ನಿಂದಾಗುವುದಿಲ್ಲ. ಎಂಟು ವಾರಕ್ಕೆ 3,200 ರೂಪಾಯಿ. ಮೊದಲ ವಾರದ ಮೂರು ತರಗತಿ ಮಾಡಿ ನೋಡಿ, ಹಿಡಿಸಿದರೆ ಕೊಡಿ. ಒಟ್ಟಿಗೆ ಕೊಡಲು ಕಷ್ಟವಾದರೆ ಎರಡು ಸಲ ಕೊಡಬಹುದು. ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸದವರಿಗೆ ಎರಡು ಜಾಗ ಇಟ್ಟಿದ್ದೇನೆ, ಅವರಿಗೆ ಹಣ ಬೇಡ. ನಿಮ್ಮ ಆಫೀಸಿನಲ್ಲಿ ಅಂಥವರು ಯಾರಾದರೂ ಈ ಕಡೆ ಇದ್ದರೆ ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಿ.

ಸೇರಬೇಕು ಅನ್ನಿಸಿದವರು ಇಲ್ಲೇ ನನಗೆ ಮೆಸೇಜ್ ಹಾಕಿ, ವಯಸ್ಸು ಮತ್ತು ಎಲ್ಲಿ ನೋವಿದೆ ಅಂತ ಎರಡು ಸಾಲು ಬರೆಯಿರಿ. ವಿಳಾಸ ಕಳಿಸುತ್ತೇನೆ. ಇನ್ನೂ ಅನುಮಾನ ಇರುವವರು ಮೇ 31, ಭಾನುವಾರ ಬೆಳಗ್ಗೆ 7 ಗಂಟೆಗೆ ಸುಮ್ನೆ ಬಂದು ಜಾಗ ನೋಡಿ, ಮಾತಾಡಿಸಿ ಹೋಗಿ. ಅವತ್ತು ಆಸನ ಏನೂ ಇಲ್ಲ, ಕಾಫಿ ಇರುತ್ತದೆ. ಸೋಮವಾರ ಬಾಗಿಲು 5.45ಕ್ಕೆ ತೆಗೆದಿರುತ್ತೇನೆ. ಚಪ್ಪಲಿ ಕೆಳಗೆ ಮೆಟ್ಟಿಲ ಹತ್ತಿರ ಬಿಟ್ಟು, ಫೋನು ಸೈಲೆಂಟ್ ಮಾಡಿ ಮೇಲೆ ಬನ್ನಿ.