ಮನೆ ಬಿಡುವ ಮುಂಚೆ: ರಿಪೇರಿ ಆಗಿದ್ದು, ಇನ್ನೂ ಆಗಬೇಕಾದ್ದು

ಮಡಿಕೇರಿ, 28 ಮೇ 2025
ಮೊದಲನೇ ಮಹಡಿ, ರಸ್ತೆ ಕಡೆಯ ಮನೆ

ಆಂಟಿ, ಅಂಕಲ್‌ಗೆ ನಮಸ್ಕಾರ.

ಶನಿವಾರ 31ಕ್ಕೆ ಮನೆ ಖಾಲಿ ಮಾಡುತ್ತಿದ್ದೇವೆ. ಮೂರು ವರ್ಷ ಇದ್ದ ಮನೆ. ಎಲ್ಲಿ ಏನು ಕೆಟ್ಟಿದೆ, ಏನು ಸರಿ ಮಾಡಿಸಿದ್ದೇವೆ ಅಂತ ಒಂದೊಂದೇ ರೂಮು ನೋಡಿ ಬರೆದಿದ್ದೇನೆ. ಮುಂದೆ ಬರುವವರ ಮನೆಯಲ್ಲಿ ಚಿಕ್ಕ ಮಗು ಇದೆ ಅಂತ ನೀವು ಹೇಳಿದಿರಿ. ಅದಕ್ಕೇ ಅಡುಗೆಮನೆಯ ವಿಷಯ ಮೊದಲು. ಬೇರೇನನ್ನು ಮುಂದೂಡಿದರೂ ಇದೊಂದು ಮಾತ್ರ ಅವರು ಬರುವ ಮುಂಚೆ ಆಗಲೇಬೇಕು.

ಅಡುಗೆಮನೆ ಸ್ವಿಚ್ ಬೋರ್ಡ್ (ಅರ್ಧ ಸರಿಯಾಗಿದೆ, ಅಪಾಯ ಇದೆ)

ಸಿಂಕ್ ಪಕ್ಕದ ಬೋರ್ಡ್. ಹೋದ ವರ್ಷ ಜುಲೈನಲ್ಲಿ ದೋಸೆಗೆ ರುಬ್ಬುತ್ತಿದ್ದಾಗ ಗ್ರೈಂಡರ್ ಡ್ರಮ್ ಮುಟ್ಟಿದೆ, ಮೊಣಕೈವರೆಗೆ ಜುಮ್ ಅಂತು. ಟೆಸ್ಟರ್ ಇಟ್ಟು ನೋಡಿದರೆ ಡ್ರಮ್ ಮೇಲೆ ದೀಪ ಉರಿಯಿತು. ಎಲೆಕ್ಟ್ರಿಷಿಯನ್ ಬೋರ್ಡ್ ಬಿಚ್ಚಿದಾಗ ಒಳಗಿನ ಡಬ್ಬಿಯಲ್ಲಿ ಒಂದು ಚಮಚದಷ್ಟು ನೀರು ನಿಂತಿತ್ತು. ಅರ್ತ್ ವೈರ್ ಹಸಿರು ಹಿಡಿದು ತುಂಡಾಗಿತ್ತು. ಸಾಕೆಟ್ ಬದಲಾಯಿಸಿ, ಅರ್ತ್ ವೈರ್ ಹೊಸದು ಎಳೆದು, ಮೇನ್ ಬೋರ್ಡ್‌ಗೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಒಂದು ಇಎಲ್‌ಸಿಬಿ ಹಾಕಿಸಿದೆವು. ಒಟ್ಟು 3,850 ರೂಪಾಯಿ ಆಯಿತು. ಆಗಸ್ಟ್ ಬಾಡಿಗೆಯಲ್ಲಿ ನೀವು ಅದನ್ನು ಕಳೆದಿದ್ದೀರಿ, ಲೆಕ್ಕ ಮುಗಿದಿದೆ.

ಆಮೇಲೆ ಶಾಕ್ ಹೊಡೆದಿಲ್ಲ. ಆದರೆ ನೀರು ಬರುವುದು ನಿಂತಿಲ್ಲ. ಈ ಸಲ ಮಳೆ ಮೇ ತಿಂಗಳಲ್ಲೇ ಹಿಡಿಯಿತಲ್ಲ, ಸೋಮವಾರ ರಾತ್ರಿ ಎರಡು ಸಲ ಇಎಲ್‌ಸಿಬಿ ಬಿತ್ತು. ಈಗ ಆ ಬೋರ್ಡಿನ ಎಂಸಿಬಿ ಆಫ್ ಮಾಡಿ ಮೇಲೆ ಕೆಂಪು ಟೇಪ್ ಸುತ್ತಿದ್ದೇನೆ. ಮೇನ್ ಬೋರ್ಡ್‌ನಲ್ಲಿ ಎಡದಿಂದ ಮೂರನೆಯದು. ದಯವಿಟ್ಟು ಅದನ್ನು ಹಾಗೇ ಇರಲು ಬಿಡಿ. ಫ್ರಿಜ್ ಬೇರೆ ಬೋರ್ಡ್‌ನಲ್ಲಿದೆ, ಅದಕ್ಕೆ ತೊಂದರೆ ಇಲ್ಲ.

ನೀರು ಎಲ್ಲಿಂದ ಬರುತ್ತಿದೆ ಅನ್ನುವುದೂ ಗೊತ್ತಾಗಿದೆ. ಟೆರೇಸ್ ಮೇಲೆ ಹಿಂದಿನ ಮೂಲೆಯಲ್ಲಿ ಮಳೆನೀರು ಇಳಿಯುವ ಪೈಪ್ ಇದೆ ಅಲ್ವಾ, ಅದರ ಬಾಯಿಗೆ ಪಕ್ಕದ ಸಿಲ್ವರ್ ಓಕ್ ಎಲೆ ಬಿದ್ದು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ನೀರು ಅಲ್ಲೇ ನಾಲ್ಕು ಬೆರಳಷ್ಟು ನಿಲ್ಲುತ್ತದೆ. ಪಕ್ಕದಲ್ಲೇ ವೈರಿಂಗ್ ಪೈಪ್ ಸ್ಲ್ಯಾಬ್ ಒಳಗೆ ಇಳಿದಿದೆ, ಅದರ ಸುತ್ತ ಸಿಮೆಂಟ್ ಬಿಟ್ಟಿದೆ. ನೀರು ಆ ಪೈಪ್ ಒಳಗಿಂದಲೇ ನೇರ ಬೋರ್ಡ್‌ಗೆ ಇಳಿಯುತ್ತಿದೆ. ಹಾಗಾಗಿ ಬೋರ್ಡ್ ಎಷ್ಟು ಸಲ ಬದಲಾಯಿಸಿದರೂ ಪ್ರಯೋಜನ ಇಲ್ಲ. ಮೊದಲು ಮೇಲೆ ಆ ಸಂದು ಮುಚ್ಚಿಸಿ, ಮಳೆನೀರಿನ ಪೈಪ್ ಬಾಯಿಗೆ ಜಾಲರಿ ಹಾಕಿಸಿ. ಆಮೇಲೆ ಬೋರ್ಡ್ ಒಣಗಿಸಿ ವೈರ್ ಚೆಕ್ ಮಾಡಿಸಿ.

ಇನ್ನೊಂದು ಮಾತು. ಪದೇ ಪದೇ ಬೀಳುತ್ತದೆ, ಇಎಲ್‌ಸಿಬಿ ತೆಗೆದು ಡೈರೆಕ್ಟ್ ಕೊಡೋಣ ಅಂತ ಯಾರಾದರೂ ಹೇಳಬಹುದು. ಒಪ್ಪಬೇಡಿ ಆಂಟಿ. ಕರೆಂಟ್ ಎಲ್ಲೋ ಸೋರುತ್ತಿದೆ ಅಂತಲೇ ಅದು ಬೀಳುವುದು. ಅದರ ಮೇಲೊಂದು ಚಿಕ್ಕ ಟೆಸ್ಟ್ ಬಟನ್ ಇದೆ. ತಿಂಗಳಿಗೊಮ್ಮೆ ಒತ್ತಿ ನೋಡಲು ಹೊಸಬರಿಗೆ ಹೇಳಿ. ಒತ್ತಿದ ತಕ್ಷಣ ಬೀಳಬೇಕು.

ಅಡುಗೆಮನೆ, ಉಳಿದದ್ದು

ಸಿಂಕ್‌ನ ನಲ್ಲಿ: ಸೋರುತ್ತಿತ್ತು, ಫೆಬ್ರವರಿಯಲ್ಲಿ ಹೊಸದು ಹಾಕಿಸಿದೆ. 480 ರೂಪಾಯಿ, ನಾನೇ ಕೊಟ್ಟಿದ್ದೇನೆ, ವಾಪಸ್ ಬೇಡ.
ಸಿಂಕ್ ಕೆಳಗಿನ ವೇಸ್ಟ್ ಪೈಪ್: ಬಿರುಕು ಬಿಟ್ಟಿದೆ. ಸದ್ಯಕ್ಕೆ ಟೇಪ್ ಸುತ್ತಿದ್ದೇನೆ. ಬದಲಾಯಿಸಬೇಕು.
ಒಲೆ ಇಡುವ ಕಲ್ಲಿನ ಹಿಂದೆ ಒಂದು ಟೈಲ್ಸ್ ಒಡೆದಿದೆ: ನನ್ನ ಕೈಯಿಂದ ಕುಕ್ಕರ್ ಜಾರಿ ಬಡಿದದ್ದು. ಅದರ ಖರ್ಚು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ.

ಬಾತ್‌ರೂಮ್

ಗೀಸರ್: ಕಾಯಿಲ್ ಮತ್ತು ಥರ್ಮೋಸ್ಟಾಟ್ ಎರಡೂ ಕಳೆದ ಡಿಸೆಂಬರ್‌ನಲ್ಲಿ ಬದಲಾಗಿವೆ. 1,350 ರೂಪಾಯಿ ಜನವರಿ ಬಾಡಿಗೆಯಲ್ಲಿ ಕಳೆದಿದ್ದೇವೆ. ಬಿಲ್ ಇದರ ಜೊತೆ ಪಿನ್ ಮಾಡಿದ್ದೇನೆ. ಈಗ ಚೆನ್ನಾಗಿ ಕಾಯುತ್ತದೆ. ಆದರೆ ಮೇಲಿನ ವಾಲ್ವ್‌ನಿಂದ ಒಂದೊಂದು ಹನಿ ಬಿದ್ದರೆ ಹೆದರಬೇಡಿ. ನೀರು ಕಾಯುವಾಗ ಒತ್ತಡ ಜಾಸ್ತಿಯಾಗಿ ಹೊರಗೆ ಬಿಡುವುದೇ ಅದರ ಕೆಲಸ. ಅದನ್ನು ಯಾರೂ ಮುಚ್ಚಬಾರದು. ಸುರಿಯಲು ಶುರುವಾದರೆ ಮಾತ್ರ ಆಫ್ ಮಾಡಿ ಮೆಕ್ಯಾನಿಕ್ ಕರೆಸಿ.

ಫ್ಲಶ್ ಟ್ಯಾಂಕ್: ಒಳಗೆ ನೀರು ಸದಾ ಹರಿಯುತ್ತಲೇ ಇರುತ್ತದೆ. ರಿಪೇರಿ ಆಗಿಲ್ಲ. ರಾತ್ರಿ ಪಕ್ಕದ ಆಂಗಲ್ ವಾಲ್ವ್ ತಿರುಗಿಸಿ ನಿಲ್ಲಿಸುತ್ತಿದ್ದೆವು.
ಎಕ್ಸಾಸ್ಟ್ ಫ್ಯಾನ್: ತಿರುಗುವುದಿಲ್ಲ. ಕೋಲಿನಿಂದ ತಳ್ಳಿದರೆ ಶುರುವಾಗುತ್ತದೆ, ಬಹುಶಃ ಕೆಪಾಸಿಟರ್ ಹೋಗಿದೆ. ಮಳೆಗಾಲದಲ್ಲಿ ಆ ಫ್ಯಾನ್ ಇಲ್ಲದಿದ್ದರೆ ಚಾವಣಿ ಪೂರ್ತಿ ಕಪ್ಪು ಬೂಸ್ಟು ಹಿಡಿಯುತ್ತದೆ, ಹಾಗಾಗಿ ಬೇಗ ಮಾಡಿಸಿ.

ಮಲಗುವ ಕೋಣೆ, ಹಾಲ್

ಬಾಲ್ಕನಿ ಬಾಗಿಲು ಈಗ ಮುಚ್ಚಲು ಬರುವುದಿಲ್ಲ. ಮರ ಮಳೆಗೆ ಉಬ್ಬಿದೆ, ಅಷ್ಟೇ. ಈಗ ಕೀಸಿಸಬೇಡಿ. ಮೊದಲನೇ ವರ್ಷ ನಾವು ಅದೇ ತಪ್ಪು ಮಾಡಲು ಹೊರಟಿದ್ದೆವು, ಬಡಗಿಯವರೇ ತಡೆದರು. ಈಗ ಕೀಸಿದರೆ ಜನವರಿಯಲ್ಲಿ ಸಂದಿನಲ್ಲಿ ಬೆರಳು ತೂರುತ್ತದೆ, ಚಳಿಗಾಳಿ ಒಳಗೆ ಬರುತ್ತದೆ. ಬೇಸಿಗೆಯಲ್ಲಿ ತೆಗೆದು ಕೆಳಗಿನ ಅಂಚಿಗೂ ಪೇಂಟ್ ಹೊಡೆಸಿ. ಅಲ್ಲಿ ಪೇಂಟೇ ಇಲ್ಲ, ನೀರು ಅಲ್ಲಿಂದಲೇ ಹೀರಿಕೊಳ್ಳುತ್ತದೆ.

ಬೀರು ಇಡುವ ಗೋಡೆಯಲ್ಲಿ ಬೂಸ್ಟು ಇದೆ. ಎರಡು ಸಲ ತೊಳೆದಿದ್ದೇವೆ, ಮತ್ತೆ ಬಂದಿದೆ. ಬೀರುವನ್ನು ಗೋಡೆಗೆ ಅಂಟಿಸದೆ ಅರ್ಧ ಅಡಿ ಬಿಟ್ಟು ಇಟ್ಟಾಗ ಕಡಿಮೆಯಾಯಿತು. ನನ್ನ ಒಂದು ಮದುವೆ ಸೀರೆ ಹಾಳಾದ ಮೇಲೆ ಗೊತ್ತಾದ ವಿಷಯ, ಹೊಸಬರಿಗೆ ಮೊದಲೇ ಹೇಳಿಬಿಡಿ.

ಹಾಲ್ ಕಿಟಕಿಯ ಒಂದು ಚಿಲಕ ಹೊಸದು. ಟ್ಯೂಬ್‌ಲೈಟ್ ಜಾಗದಲ್ಲಿ ಹಾಕಿದ ಎಲ್‌ಇಡಿ ಅಲ್ಲೇ ಬಿಟ್ಟಿದ್ದೇವೆ. ಬಟ್ಟೆ ಒಣಗಿಸಲು ಒಳಗೆ ಕಟ್ಟಿದ ನೈಲಾನ್ ಹಗ್ಗ, ಅದರ ಕೊಕ್ಕೆಗಳೂ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಿಲ್ಲದೆ ಆಗುವುದಿಲ್ಲ. ಉಳಿದ ಫ್ಯಾನು, ಸ್ವಿಚ್ಚು ಎಲ್ಲ ಸರಿ ಇವೆ.

ಮೀಟರ್, ಬೀಗ, ಲೆಕ್ಕ

ಇಂದು ಬೆಳಗ್ಗೆ ಕರೆಂಟ್ ಮೀಟರ್ 6,214 ತೋರಿಸುತ್ತಿತ್ತು, ಫೋಟೋ ಅಂಕಲ್‌ಗೆ ಕಳಿಸಿದ್ದೇನೆ. ಶನಿವಾರ ಮತ್ತೆ ನೋಡಿ ಅಲ್ಲಿವರೆಗಿನ ಬಿಲ್ ಕೊಡುತ್ತೇವೆ. ಬೀಗದ ಕೈ: ಮುಂಬಾಗಿಲಿನದು ಮೂರು, ಟೆರೇಸ್‌ದು ಒಂದು. ಅಡ್ವಾನ್ಸ್ 40,000ದಲ್ಲಿ ಒಡೆದ ಟೈಲ್ಸ್ ಮತ್ತು ಪೇಂಟ್ ಹಣ ಹಿಡಿದು ಉಳಿದದ್ದು ಕೊಟ್ಟರೆ ಸಾಕು. ಬೋರ್ಡ್, ಫ್ಲಶ್, ಫ್ಯಾನ್, ಬಾಗಿಲು, ಬೂಸ್ಟು ಹಿಡಿದ ಗೋಡೆ, ವೇಸ್ಟ್ ಪೈಪ್ ನಮ್ಮ ಕಡೆಯಿಂದ ಕೆಟ್ಟದ್ದಲ್ಲ. ಅದಕ್ಕೆ ಹಿಡಿಯಬೇಡಿ ಅಂತ ಕೇಳಿಕೊಳ್ಳುತ್ತೇನೆ.

ನೀವು ನಾಪೋಕ್ಲು ಕಡೆಯಿಂದ ಬರಬೇಕು, ದಾರಿಯಲ್ಲಿ ಮಳೆ ಇರುತ್ತದೆ, ನಿಧಾನವಾಗಿ ಬನ್ನಿ. ಶನಿವಾರ 11 ಗಂಟೆವರೆಗೂ ಲಾರಿ ಹೊರಡುವುದಿಲ್ಲ. ಅಂಕಲ್ ಜೊತೆ ಟೆರೇಸ್‌ಗೆ ಹತ್ತಿ ಆ ಮೂಲೆ ಕೈಯಾರೆ ತೋರಿಸಿ, ಎಲೆ ತೆಗೆದೇ ಹೊರಡುತ್ತೇನೆ.

ಇಂತಿ,
ಮೊದಲನೇ ಮಹಡಿ ಮನೆಯವಳು