ಪವರ್ಗ

ಪುಣೆಯ ಅಜ್ಜ ತೀರಿಕೊಂಡ ಮೇಲೆ ನಮ್ಮ ಪಾಲಿಗೆ ಬಂದದ್ದು ಒಂದು ಕಬ್ಬಿಣದ ಟ್ರಂಕು. ಒಳಗೆ ಎರಡು ಉಣ್ಣೆಯ ಕೋಟು, ಹಡಗಿನ ನೌಕರಿಯ ಕಾಗದಪತ್ರ, ಕೆಟ್ಟುಹೋದ ಒಂದು ಸೂಪರ್ 8 ಕ್ಯಾಮೆರಾ, ಏಳು ಫಿಲ್ಮ್ ಸುರುಳಿ. ಆರು ಡಬ್ಬಿಗಳ ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಫಿಲ್ಮ್ ಕೊಳೆಯುವಾಗ ಹಾಗೆ ನಾರುತ್ತದೆಯಂತೆ. ಏಳನೆಯದು ಹೇಗೋ ಉಳಿದುಕೊಂಡಿತ್ತು. ಅದರ ಮೇಲೆ ಅಜ್ಜನ ದುಂಡು ಅಕ್ಷರದ ಚೀಟಿ: ‘ಧಾರವಾಡ ಸ್ಟೇಶನ್, ಜೂನ್ 1974.’

ಅಮ್ಮ ಚೀಟಿಯನ್ನು ಓದಿದಳು. ಡಬ್ಬಿಯನ್ನು ನನ್ನ ಕೈಗಿಟ್ಟು ಅನ್ನಕ್ಕಿಡಲು ಒಳಗೆ ಹೋದಳು. ಆಗ ಬೆಳಗಿನ ಹತ್ತು ಗಂಟೆ. ನಮ್ಮ ಮನೆಯಲ್ಲಿ ಅಷ್ಟು ಬೇಗ ಅನ್ನಕ್ಕಿಡುವವರು ಯಾರೂ ಇಲ್ಲ.

ಆ ಜೂನ್‌ನಲ್ಲಿ ಅಮ್ಮನಿಗೆ ಎಂಟು ವರ್ಷ. ಮಾಳಮಡ್ಡಿಯ ಮನೆಯಲ್ಲಿ ಐದು ಹೆಣ್ಣುಮಕ್ಕಳು, ಅವರಲ್ಲಿ ಅವಳು ನಾಲ್ಕನೆಯವಳು. ಅಜ್ಜಿಯ ತಮ್ಮನಿಗೆ, ಅಂದರೆ ನಾನು ಪುಣೆ ಅಜ್ಜ ಎಂದು ಕರೆಯುತ್ತಿದ್ದವರಿಗೆ, ಮಕ್ಕಳಿರಲಿಲ್ಲ. ದತ್ತು ಎಂಬ ಮಾತನ್ನು ಯಾರೂ ಆಡಲಿಲ್ಲ. ‘ಓದಿಸಲಿಕ್ಕೆ’ ಎಂದರು. ಓದಿಸಿದರು, ನಿಜ. ಎಂ.ಎ. ಮಾಡಿಸಿದರು, ಮದುವೆಯನ್ನೂ ಮಾಡಿಕೊಟ್ಟರು. ವಿಧಿಯ ಚೇಷ್ಟೆಯೋ ಏನೋ, ವರ ಸಿಕ್ಕದ್ದು ಹುಬ್ಬಳ್ಳಿಯಲ್ಲಿ. ಹೀಗೆ ಅಮ್ಮ ತನ್ನ ತವರಿನಿಂದ ಇಪ್ಪತ್ತು ಕಿಲೋಮೀಟರ್ ದೂರಕ್ಕೆ ಸೊಸೆಯಾಗಿ ಬಂದಳು. ಆದರೆ ಮಾಳಮಡ್ಡಿಗೆ ಹೋದಾಗಲೆಲ್ಲ ಕುರ್ಚಿಯ ತುದಿಯಲ್ಲಿ ಕುಳಿತು, ಚಹಾ ಕುಡಿದ ಬಟ್ಟಲನ್ನು ತಾನೇ ತೊಳೆದಿಟ್ಟು ಬರುತ್ತಿದ್ದಳು. ಪುಣೆಯವರನ್ನು ‘ಆಯಿ’ ಎನ್ನುತ್ತಿದ್ದಳು, ಅಜ್ಜಿಯನ್ನು ‘ಅವ್ವ’ ಎನ್ನುತ್ತಿದ್ದಳು. ಎರಡಕ್ಕೂ ಅರ್ಥ ಒಂದೇ ಎಂದು ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಆ ದಿನದ ಬಗ್ಗೆ ಅಮ್ಮ ನನ್ನೊಡನೆ ಮಾತಾಡಿದ್ದು ಒಮ್ಮೆ ಮಾತ್ರ, ಅಜ್ಜಿಯ ಹದಿಮೂರನೆಯ ದಿನದ ರಾತ್ರಿ. ಗಾಡಿ ಹೊರಟಿತಂತೆ. ಅವ್ವ ಕಿಟಕಿಯ ಜೊತೆಜೊತೆಗೇ ನಡೆದಳಂತೆ. ಏನೋ ಹೇಳಿದಳಂತೆ. ಅದೇ ಹೊತ್ತಿಗೆ ಎಂಜಿನ್ ಸಿಳ್ಳೆ ಹಾಕಿತಂತೆ.

“ಆಮೇಲೆ ಕೇಳಬಹುದಿತ್ತಲ್ಲ?” ಎಂದಿದ್ದೆ.

“ಕೇಳಬಹುದಿತ್ತು” ಎಂದು ಅಮ್ಮ ದೀಪ ಆರಿಸಿದಳು.

ಫಿಲ್ಮನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಒಬ್ಬರು ಸಿಕ್ಕರು. ಮೂರು ವಾರ ಕಾಯಿಸಿ ಅವರು ಕೊಟ್ಟದ್ದನ್ನು ನೋಡಿದರೆ ಅಜ್ಜಿ ಎಡಗೈಯವಳಾಗಿದ್ದಳು! ಸೆರಗು ಬಲ ಹೆಗಲ ಮೇಲೆ, ನಿಲ್ದಾಣದ ಹಲಗೆಯಲ್ಲಿ ಧಾರವಾಡ ತಿರುಗುಮುರುಗು. ಸುರುಳಿಯನ್ನು ಮಗುಚಿ ಹಾಕಿದ್ದರು. ಸಾಲದ್ದಕ್ಕೆ, ಸೆಕೆಂಡಿಗೆ 18 ಚಿತ್ರದಂತೆ ತೆಗೆದದ್ದನ್ನು 24ರ ವೇಗದಲ್ಲಿ ಓಡಿಸಿದ್ದರು. ಪ್ಲಾಟ್‌ಫಾರ್ಮಿನ ಮೇಲಿದ್ದವರೆಲ್ಲ ಇರುವೆ ಗೂಡಿಗೆ ನೀರು ಬಿದ್ದಂತೆ ಓಡಾಡುತ್ತಿದ್ದರು. ಬೈದುಕೊಳ್ಳುತ್ತಲೇ ಎರಡನ್ನೂ ನಾನೇ ಸರಿಪಡಿಸಿದೆ.

ಒಂದು ಸುರುಳಿ ಎಂದರೆ ಐವತ್ತು ಅಡಿ, 3,600 ಚಿತ್ರಗಳು, ಮೂರು ನಿಮಿಷ ಇಪ್ಪತ್ತು ಸೆಕೆಂಡು. ಅದರಲ್ಲಿ ಮುಕ್ಕಾಲು ಪಾಲನ್ನು ಅಜ್ಜ ಎಂಜಿನ್ನಿಗೇ ಖರ್ಚು ಮಾಡಿದ್ದಾರೆ. ಹಡಗಿನ ಎಂಜಿನ್ ಕೋಣೆಯವರು. ಉಗಿ ಎಂದರೆ ಬೆಲ್ಲ. ಹೊಗೆ, ಚಕ್ರ, ಕಲ್ಲಿದ್ದಲು, ಮತ್ತೆ ಹೊಗೆ. ನಂತರ ರೈಲು ಡಬ್ಬಿಯ ಒಳಗೆ ಕುಳಿತ ಅಮ್ಮ: ಎರಡು ಜಡೆ, ಕೆಂಪು ರಿಬ್ಬನ್, ಮಡಿಲಲ್ಲಿ ಬುತ್ತಿಯ ಗಂಟು. ಐವತ್ತು ವರ್ಷ ಕಳೆದರೂ ಆ ಕೆಂಪು ಮಾಸಿಲ್ಲ. ಕೊನೆಗೆ ಕ್ಯಾಮೆರಾ ಕಿಟಕಿಯಿಂದ ಹೊರಗೆ ತಿರುಗುತ್ತದೆ. ಅಜ್ಜಿ ಬರುತ್ತಾಳೆ. ಹಸಿರು ಇಳಕಲ್ ಸೀರೆ. ನಡೆಯುತ್ತಾಳೆ, ಬಾಯಿ ತೆರೆಯುತ್ತಾಳೆ, ಬಿಳಿ ಬೆಳಕು ಮಿಂಚಿ ಸುರುಳಿ ಮುಗಿಯುತ್ತದೆ.

ಎಂಜಿನ್ನಿನ ಒಂದು ಚಕ್ರ ಬಿಟ್ಟಿದ್ದರೆ ಆ ಮಾತು ಪೂರ್ತಿ ಸಿಗುತ್ತಿತ್ತು.

ಮಾತು ಇದ್ದದ್ದು ಹದಿನಾಲ್ಕು ಚಿತ್ರಗಳಲ್ಲಿ, ಒಂದು ಸೆಕೆಂಡಿಗೂ ಕಡಿಮೆ. ಪರದೆಯ ಮೇಲೆ ಅಜ್ಜಿಯ ಬಾಯಿ ಗೋಧಿಕಾಳಿನಷ್ಟು. ದೊಡ್ಡದು ಮಾಡಿದರೆ ಬಣ್ಣದ ರವೆ. ಹದಿನಾಲ್ಕನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ ಅಡುಗೆಮನೆಯ ಹೊರಗೋಡೆಗೆ ಅಂಟಿಸಿದೆ. ಅಮ್ಮ ಅದನ್ನು ದಾಟಿ ಓಡಾಡಿದಳು. ನೋಡಲಿಲ್ಲ, ಕಿತ್ತು ಹಾಕು ಎಂದೂ ಹೇಳಲಿಲ್ಲ.

ನಾನು ಕನ್ನಡ ಶಾಲೆಯಲ್ಲಿ ಓದಿದವಳು, ಆದ್ದರಿಂದ ನೆರವಿಗೆ ಬಂದದ್ದು ವರ್ಣಮಾಲೆ. ನಮ್ಮ ಅಕ್ಷರಗಳು ಗಂಟಲಿನಿಂದ ಹೊರಟು ಸಾಲಾಗಿ ತುಟಿಗೆ ಬಂದು ನಿಲ್ಲುತ್ತವೆ. ಕಖಗಘಙ ಒಳಗೆಲ್ಲೋ ಆಗಿಹೋಗುತ್ತದೆ, ಹೊರಗೆ ಕಾಣಿಸುವುದೇ ಇಲ್ಲ. ಟಠಡಢಣದಲ್ಲಿ ನಾಲಿಗೆ ಮಡಚಿಕೊಳ್ಳುತ್ತದೆ, ಅದೂ ಬಾಯಿಯ ಒಳಗಿನ ವ್ಯವಹಾರ. ತುಟಿ ಓದುವವರಿಗೆ ನಿಶ್ಚಯವಾಗಿ ದಕ್ಕುವುದು ಕೊನೆಯ ಸಾಲು, ಪಫಬಭಮ. ಅದರಲ್ಲೂ ಪ ಯಾವುದು, ಬ ಯಾವುದು, ಮ ಯಾವುದು ಎಂದು ಕೇಳಬಾರದು. ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ ‘ಪಾಲು’, ‘ಬಾಲು’, ‘ಮಾಲು’ ಎಂದು ನೋಡಿ, ಮೂರೂ ಒಂದೇ.

ಹುಬ್ಬಳ್ಳಿಯಿಂದ ಧಾರವಾಡದ ಕಚೇರಿಗೆ ದಿನವೂ ಚಿಗರಿ ಬಸ್ಸಿನಲ್ಲಿ ಹೋಗುವವಳು ನಾನು. ಎದುರಿನ ಬಸ್ಸು ನಿಲ್ದಾಣದಲ್ಲಿ ನಿಂತಾಗ ಎರಡು ಗಾಜುಗಳ ಆಚೆಗಿನ ತುಟಿಗಳನ್ನು ಓದುವುದು ಅಭ್ಯಾಸವಾಯಿತು. ಉಣಕಲ್ ಹತ್ತಿರ ಒಬ್ಬಾಕೆ ಫೋನಿನಲ್ಲಿ ‘ಬೇಡ ಬೇಡ’ ಎನ್ನುತ್ತಿದ್ದಳೋ ‘ಮೇಡಂ ಮೇಡಂ’ ಎನ್ನುತ್ತಿದ್ದಳೋ, ದೇವರಿಗೇ ಗೊತ್ತು.

ಒಂದು ತಿಂಗಳಾಗುವಷ್ಟರಲ್ಲಿ ಗೋಡೆಯ ಮೇಲಿನದು ನನ್ನ ಮಟ್ಟಿಗೆ ಬಗೆಹರಿದಿತ್ತು. ಮೊದಲ ನಾಲ್ಕು ಚಿತ್ರಗಳಲ್ಲಿ ತುಟಿ ದುಂಡಗಾಗಿದೆ, ‘ಹೋ’. ಐದರಿಂದ ಎಂಟರವರೆಗೆ ಸೆರಗಿನ ಅಂಚು ಬಾಯಿಗೆ ಅಡ್ಡ ಬಂದಿದೆ. ಒಂಬತ್ತು, ಹತ್ತರಲ್ಲಿ ತುಟಿ ಮುಚ್ಚಿದೆ, ಪವರ್ಗ. ಹನ್ನೊಂದರಿಂದ ಬಾಯಿ ಅಗಲವಾಗಿ ತೆರೆದಿದೆ, ಆಕಾರ. ಹದಿನಾಲ್ಕರ ಆಚೆ ಬಿಳುಪು. ಹೋಗಿ ಬಾ. ಮತ್ತೇನಿರಲು ಸಾಧ್ಯ? ಹೊರಟವರಿಗೆ ಈ ನಾಡಿನಲ್ಲಿ ಎಲ್ಲರೂ ಹೇಳುವ ಮಾತು. ‘ಹೋಗು’ ಎಂದಷ್ಟೇ ಯಾರೂ ಹೇಳುವುದಿಲ್ಲ; ಬಾಲಕ್ಕೊಂದು ‘ಬಾ’ ಕಟ್ಟಿ ಕಳಿಸುತ್ತೇವೆ. ಇದನ್ನು ಅಮ್ಮನಿಗೆ ಹೇಗೆ ಹೇಳಬೇಕೆಂದು ಕೂಡ ತಾಲೀಮು ನಡೆಸಿದ್ದೆ. ಅದಕ್ಕೆ ಮೊದಲು ಇನ್ನೊಬ್ಬರಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳಬೇಕೆಂದು ಹೋದದ್ದೇ ತಪ್ಪಾಯಿತು.

ಮಹಾದೇವಪ್ಪನವರು ನಮ್ಮ ಓಣಿಯ ಕೊನೆಯ ಮನೆಯವರು. ಅರಳೆ ಹಿಂಜುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ಕಿವಿ ಕಳೆದುಕೊಂಡವರು. ಯಂತ್ರದ ಅಬ್ಬರದಲ್ಲಿ ತುಟಿ ನೋಡಿ ಮಾತಾಡುವುದನ್ನು ಕಲಿತಿದ್ದರು, ಈಗ ಅದೇ ಅವರ ಕಿವಿ. ಹದಿನಾಲ್ಕು ಚಿತ್ರಗಳನ್ನು ಹಾಸಿಗೆಯ ಮೇಲೆ ಇಸ್ಪೀಟಿನಂತೆ ಹರಡಿದರು. ನೋಡಿ ಪಕ್ಕಕ್ಕೆ ಸರಿಸಿದರು.

“ಬಿಡಿ ಬಿಡಿಯಾಗಿ ನೋಡಿದರೆ ತುಟಿ ಏನೂ ಹೇಳುವುದಿಲ್ಲ. ಓಡಿಸಿ ತೋರಿಸು.”

ಮೊಬೈಲಿನಲ್ಲಿ ಓಡಿಸಿದೆ. ಐದು ಸಲ, ಆರು ಸಲ.

“ಯಾರಿಗೆ ಹೇಳುತ್ತಿದ್ದಾಳೆ?”

“ನಮ್ಮ ಅಮ್ಮನಿಗೆ. ಎಂಟು ವರ್ಷದವಳು. ಪುಣೆಗೆ ಕಳಿಸುತ್ತಿದ್ದಾರೆ.”

“ಪೂರ್ತಿ ಕಳಿಸುವುದೋ, ಸೂಟಿಗೋ?”

“ಪೂರ್ತಿ.”

ಅವರು ಮತ್ತೊಮ್ಮೆ ನೋಡಿದರು. “ನೀನು ಏನೆಂದು ಓದಿದೆ?”

“ಹೋಗಿ ಬಾ.”

“ಇರಬಹುದು. ಹೋಗಬೇಡ ಎಂದೂ ಇರಬಹುದು.”

ನಾನು ನಕ್ಕುಬಿಟ್ಟೆ. ಅದನ್ನು ಮೊದಲ ವಾರವೇ ಪರೀಕ್ಷಿಸಿ ಕೈಬಿಟ್ಟಿದ್ದೆ. ‘ಬೇ’ ಎನ್ನುವಾಗ ತುಟಿಗಳು ಅಡ್ಡಕ್ಕೆ ಎಳೆಯುತ್ತವೆ, ಇಲ್ಲಿ ಬಾಯಿ ಉದ್ದಕ್ಕೆ ತೆರೆದಿದೆ ಎಂದು ತುಟಿ ಬಿಡಿಸಿ ತೋರಿಸಿದೆ. ಅವರು ನನ್ನ ಬಾಯಿಯನ್ನು ನೋಡುತ್ತ, ಮೇಷ್ಟ್ರು ಮಗುವನ್ನು ನೋಡುವಂತೆ ತಲೆಯಾಡಿಸಿದರು.

“ಅದು ನಿನ್ನ ಬೇಡ, ತಂಗಿ. ಪುಸ್ತಕದ ಬೇಡ. ಮಾಳಮಡ್ಡಿಯ ಹೆಣ್ಣುಮಗಳು 1974ರಲ್ಲಿ ಬೇಡ ಎನ್ನುತ್ತಿದ್ದಳೇನು? ಬ್ಯಾಡ.”

ತುಟಿ ಮುಚ್ಚಿ, ಬಾಯಿ ಅಗಲ ತೆರೆದು, ಸದ್ದಿಲ್ಲದೆ ಅಂದರು: ಹೋಗಬ್ಯಾಡ. ಹೋಗಿ ಬಾ. ಹೋಗಬ್ಯಾಡ. ಉಳಿದದ್ದು ಒಂದು ‘ಡ’. ಅದು ತುಟಿಗೆ ಬರುವ ಅಕ್ಷರವಲ್ಲ, ಬಂದಿದ್ದರೂ ಬಿಳುಪಿನ ಆಚೆ ಇತ್ತು. ನಡುವಿನ ‘ಗಿ’ಯೋ ‘ಗ’ವೋ ಸೆರಗಿನ ಹಿಂದೆ.

“ಯಾವುದು ಹಾಗಾದರೆ?”

“ತುಟಿ ಇಷ್ಟೇ ಹೇಳುತ್ತದೆ. ಮುಂದಿನದನ್ನು ಕಾರ್ಖಾನೆಯಲ್ಲಿ ನಾವು ಎದುರಿಗಿದ್ದವನನ್ನು ಬಲ್ಲೆವಾದ್ದರಿಂದ ತುಂಬಿಕೊಳ್ಳುತ್ತಿದ್ದೆವು. ನಿಮ್ಮ ಅಜ್ಜಿಯನ್ನು ನಾನು ಬಲ್ಲೆನೇ?”

ಮನೆಗೆ ಬಂದು ಗೋಡೆಯ ಮೇಲಿನ ಕಾಗದಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆ. ಅಮ್ಮ ಹಿಂದೆ ಬಂದು ನಿಂತಳು. ಕೈಯಲ್ಲಿ ಮೆಂತ್ಯದ ಸಿವುಡು.

“ಸಿಕ್ಕಿತೇ?”

ಸುಳ್ಳು ಹೇಳಬಹುದಿತ್ತು. ಎರಡರಲ್ಲಿ ಯಾವುದನ್ನು ಹೇಳಿದರೂ ಅರ್ಧ ಸತ್ಯವೇ ಆಗುತ್ತಿತ್ತು. ಯಾವುದು ಅವಳಿಗೆ ಹಿತ ಎಂಬುದೂ ನನಗೆ ತಿಳಿಯಲಿಲ್ಲ. ಹೋಗಿ ಬಾ ಎಂದಿದ್ದರೆ ತಾಯಿ ತಾನೇ ಕೈಯಾರೆ ಕಳಿಸಿದಂತೆ. ಹೋಗಬೇಡ ಎಂದಿದ್ದರೆ, ಕೇಳಿಸಿಕೊಳ್ಳದೆ ಹೋದ ಮಗಳಾಗಿ ಅವಳು ಮತ್ತೆ ಐವತ್ತು ವರ್ಷವನ್ನು ಮೊದಲಿನಿಂದ ಎಣಿಸಬೇಕು. ಎರಡನ್ನೂ ಹೇಳಿಬಿಟ್ಟೆ. ಸೆರಗು, ಬಿಳುಪು, ಬ್ಯಾಡ, ಎಲ್ಲ.

ಅಮ್ಮ ಮೆಂತ್ಯವನ್ನು ಮೇಜಿನ ಮೇಲಿಟ್ಟಳು. “ತೋರಿಸು.”

ಮೊದಲ ಸಲ ನೋಡಿದಳು. ಎಂಜಿನ್ನಿನ ಹೊಗೆ ಬರುವಾಗ ತುಸು ನಕ್ಕಳು, ಮಾಮಾ ಹೀಗೆಯೇ ಎಂಬಂತೆ. ಎರಡು ಜಡೆಯ ಹುಡುಗಿ ಬಂದಾಗ ಮುಖದಲ್ಲಿ ಏನೂ ಬದಲಾಗಲಿಲ್ಲ. ಅಜ್ಜಿ ಬಂದಳು, ಬಾಯಿ ತೆರೆದಳು, ಬೆಳಕಾಯಿತು.

“ಇನ್ನೊಮ್ಮೆ.”

ಇನ್ನೊಮ್ಮೆ ಹಾಕಿದೆ. ಅಜ್ಜಿ ಕಾಣಿಸಿಕೊಂಡಾಗ ತುಟಿಗಳು ಸರಿಯಾಗಿ ಕಾಣಲೆಂದು ದೊಡ್ಡದು ಮಾಡಲು ಹೋದೆ.

“ದೊಡ್ಡದು ಮಾಡಬೇಡ. ಪೂರ್ತಿ ಇರಲಿ.” ಅಮ್ಮ ಪರದೆಯ ಕೆಳತುದಿಗೆ ಬೆರಳು ಒಯ್ದಳು. “ಇಲ್ಲಿ ನಿಲ್ಲಿಸು.”

ನಿಲ್ಲಿಸಿದೆ.

“ಒಂದು ಕಾಲಲ್ಲಿ ಚಪ್ಪಲಿ ಇಲ್ಲ.”

ಹೌದು. ಸೀರೆಯ ಅಂಚಿನ ಕೆಳಗೆ ಒಂದು ಪಾದ ಬರಿದು, ಇನ್ನೊಂದರಲ್ಲಿ ಚಪ್ಪಲಿ. ಒಂದೂವರೆ ತಿಂಗಳು ನಾನು ಆ ಹೆಂಗಸಿನ ಕೊರಳಿನಿಂದ ಕೆಳಗೆ ನೋಡಿರಲೇ ಇಲ್ಲ. ಹಿಂದಕ್ಕೆ ಸರಿಸಿ ಹುಡುಕಿದೆವು. ಅಜ್ಜಿ ಚೌಕಟ್ಟಿನೊಳಗೆ ಬರುವ ಮುನ್ನ, ಒಂದು ಗಾಡಿಯಷ್ಟು ಹಿಂದೆ, ಕೂಲಿಯೊಬ್ಬನ ಕಾಲ ಬಳಿ ಕಪ್ಪಗೆ ಏನೋ ಬಿದ್ದಿತ್ತು. ಕೂಲಿ ಅದನ್ನು ನೋಡಿ, ತಲೆಯೆತ್ತಿ, ಅಜ್ಜಿ ಹೋದ ದಿಕ್ಕಿಗೆ ನೋಡುತ್ತಿದ್ದ.

“ನಡೆದಳು ಎಂದಿದ್ದೆಯಲ್ಲ” ಎಂದೆ.

ಅಮ್ಮ ಉತ್ತರಿಸಲಿಲ್ಲ. ಬಹಳ ಹೊತ್ತಿನ ನಂತರ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು, ಈ ಸಲ ಪೂರ್ತಿ ಹಿಂದಕ್ಕೆ ಒರಗಿ ಕುಳಿತಳು.

“ಹೊಸ ಚಪ್ಪಲಿ ಅದು” ಎಂದಳು. “ನನಗೆ ಕೊಳ್ಳುವಾಗ ತಾನೂ ಒಂದು ಜೊತೆ ಕೊಂಡಿದ್ದಳು. ಕಚ್ಚುತ್ತಿತ್ತು ಎಂದು ಕಾಣುತ್ತದೆ.”

ಆಮೇಲೆ ಮೆಂತ್ಯವನ್ನು ಮಡಿಲಿಗೆ ಹಾಕಿಕೊಂಡು, ಸೊಪ್ಪು ಬಿಡಿಸುತ್ತಲೇ, “ಮತ್ತೆ ಹಾಕು” ಎಂದಳು.