ತಿಂಗಳ ಶ್ರಮದಾನದಲ್ಲಿ ಫೋನಿಗೂ ಅರ್ಧ ಗಂಟೆ

ಮಂಡಲದ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಮಹಿಳಾ ಮಂಡಲದಿಂದ ಬಂದಿರುವ ಅಕ್ಕಂದಿರೇ, ತಮ್ಮಂದಿರೇ, ತಂಗಿಯರೇ, ಮಾತೆರೆಗ್ಲಾ ಸೊಲ್ಮೆಲು.

ಬ್ರಹ್ಮಾವರ ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಉಂಟು, ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ ಎನ್ನುವುದು ನಿಮಗೆಲ್ಲ ಗೊತ್ತು. ಇಲ್ಲಿ ಕೂತವರಲ್ಲಿ ಎಷ್ಟೋ ಜನರ ಸ್ಕಾಲರ್‌ಶಿಪ್, ಪಾಸ್‌ಪೋರ್ಟ್ ಅರ್ಜಿಗಳು ಅಲ್ಲಿಂದಲೇ ಹೋದದ್ದು. ಇಂಟರ್‌ನೆಟ್ಟಿನಲ್ಲಿ ನಾವು ಬಿಟ್ಟುಹೋಗುವ ಗುರುತುಗಳನ್ನು ಆಗಾಗ ಚೊಕ್ಕ ಮಾಡುವುದು ಹೇಗೆ ಎಂದು ನಾಲ್ಕು ಮಾತು ಹೇಳಿ ಅಂತ ಕಾರ್ಯದರ್ಶಿಗಳು ಕೇಳಿದರು. ಅಂಗಡಿಯಲ್ಲಿ ದಿನಾ ಕಾಣುವುದನ್ನೇ ಹೇಳುತ್ತೇನೆ.

ಸಂಜೆ ಹೊತ್ತು ಒಬ್ಬ ಹುಡುಗ ಓಡಿ ಬರುತ್ತಾನೆ. ಹಾಲ್‌ಟಿಕೆಟ್ ಪ್ರಿಂಟ್ ಬೇಕು, ಅದು ಅವನ ವಾಟ್ಸಾಪಿನಲ್ಲಿ ಉಂಟು. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದು, ಫೋನಿನಿಂದ ಸ್ಕ್ಯಾನ್ ಮಾಡಿ, ಪ್ರಿಂಟ್ ತೆಗೆಯುತ್ತಾನೆ. ಅಷ್ಟರಲ್ಲಿ ಕುಂದಾಪುರದ ಬಸ್ಸಿನ ಹಾರ್ನ್ ಕೇಳಿಸುತ್ತದೆ. ಹಣ ಇಟ್ಟು ಓಡುತ್ತಾನೆ. ಪರದೆಯ ಮೇಲೆ ಅವನ ಎಲ್ಲ ಚಾಟ್‌ಗಳು ತೆರೆದೇ ಇರುತ್ತವೆ. ಮೇಲೆ ಅಮ್ಮನ ಮೆಸೇಜು, ಅದರ ಕೆಳಗೆ ಗೆಳೆಯರ ಗುಂಪು, ಅದರ ಕೆಳಗೆ ಬ್ಯಾಂಕಿನದ್ದು. ನಾನು ಲಾಗ್‌ಔಟ್ ಒತ್ತುತ್ತೇನೆ. ರಾತ್ರಿ ಬಾಗಿಲು ಹಾಕುವ ಮೊದಲು ಗಿರಾಕಿಗಳು ಕಳಿಸಿದ ಆಧಾರ್, ಮಾರ್ಕ್ಸ್ ಕಾರ್ಡ್ ಎಲ್ಲ ಅಳಿಸುವುದು ನಮ್ಮ ಅಂಗಡಿಯ ನಿಯಮ. ಆದರೆ ಎಲ್ಲ ಅಂಗಡಿಯಲ್ಲೂ ಹಾಗೆ ಮಾಡುತ್ತಾರೆಂದು ಹೇಗೆ ನಂಬುವುದು? ನಿಮ್ಮ ಚಾಟ್ ಬೇರೆಯವರ ಕಂಪ್ಯೂಟರಿನಲ್ಲಿ ತೆರೆದಿದೆಯೋ ಇಲ್ಲವೋ ಎಂದು ನೋಡುವ ಜಾಗ ನಿಮ್ಮ ಫೋನಿನಲ್ಲೇ ಇದೆ. ಅದನ್ನು ಎಷ್ಟು ಜನ ನೋಡಿದ್ದೀರಿ?

ನಾವು ಬಿಡುವ ಗುರುತು ಎಂದರೆ ಇದೇ. ನಾವಾಗಿ ಹಾಕಿದ ಫೋಟೊ, ಕಮೆಂಟು ಸ್ವಲ್ಪ ಭಾಗ ಮಾತ್ರ. ನಮಗೆ ನೆನಪೇ ಇಲ್ಲದೆ ತೆರೆದಿಟ್ಟ ಬಾಗಿಲುಗಳು ಅದಕ್ಕಿಂತ ಹೆಚ್ಚು: ಒಮ್ಮೆ ಆಡಿ ಬಿಟ್ಟ ಗೇಮಿಗೆ ಕೊಟ್ಟ ಗೂಗಲ್ ಲಾಗಿನ್, ರೆಸ್ಯೂಮೆ ಹಾಕಿ ಮರೆತ ಉದ್ಯೋಗದ ಸೈಟ್, ಮಾರಿದ ಹಳೆ ಫೋನಿನಲ್ಲಿ ಉಳಿದ ಮೇಲ್. ಆ್ಯಪ್ ತೆಗೆದರೆ ಖಾತೆಯೂ ಹೋಯಿತು ಎಂದು ತುಂಬ ಜನ ತಿಳಿದಿದ್ದಾರೆ. ಹೋಗುವುದಿಲ್ಲ. ಆ್ಯಪ್ ಹೋಗುತ್ತದೆ, ನಿಮ್ಮ ಹೆಸರು, ನಂಬರು, ಹುಟ್ಟಿದ ದಿನ ಅವರ ಬಳಿಯೇ ಇರುತ್ತದೆ. ಮೊದಲು ಆ್ಯಪಿನ ಒಳಗೆ ಹೋಗಿ Delete account ಕೊಡಬೇಕು, ಆಮೇಲೆ ಆ್ಯಪ್ ತೆಗೆಯಬೇಕು. ಖಾತೆ ತೆರೆಯಲು ಬಿಡುವ ಆ್ಯಪ್‌ಗಳು ಅದನ್ನು ಅಳಿಸಲೂ ದಾರಿ ಕೊಡಲೇಬೇಕು ಎಂದು ಗೂಗಲ್ ಪ್ಲೇ ನಿಯಮವನ್ನೇ ಮಾಡಿದೆ.

ನಮ್ಮ ಊರಿಗೆ ವಿಶೇಷವಾಗಿ ಹೇಳಬೇಕಾದ್ದು ಹಳೆ ನಂಬರಿನ ವಿಷಯ. ಇಲ್ಲಿ ಮನೆಗೊಬ್ಬರು ದುಬೈಯಲ್ಲೋ ಮಸ್ಕತ್ತಿನಲ್ಲೋ ಮುಂಬೈಯಲ್ಲೋ ಇದ್ದಾರೆ. ಹೋಗುವಾಗ ಊರಿನ ಸಿಮ್ ಕಪಾಟಿನಲ್ಲಿಟ್ಟು ಹೋಗುತ್ತಾರೆ, ರೀಚಾರ್ಜ್ ನಿಲ್ಲುತ್ತದೆ, ನಂಬರು ಕಡಿದುಹೋಗುತ್ತದೆ. ಕಡಿದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಇನ್ನೊಬ್ಬರಿಗೆ ಕೊಡಬಹುದು. ನಿಮ್ಮ ಫೇಸ್‌ಬುಕ್ಕು, ಜಿಮೇಲು, ಬ್ಯಾಂಕಿನ ಒಟಿಪಿ ಇನ್ನೂ ಆ ನಂಬರಿಗೇ ಜೋಡಿಸಿದ್ದರೆ? ಒಟಿಪಿ ಹೋಗುವುದು ಯಾರೋ ಗುರುತಿಲ್ಲದವರ ಫೋನಿಗೆ. ಆದ್ದರಿಂದ ವಿದೇಶಕ್ಕೆ ಹೊರಡುವವರು ಬ್ಯಾಗು ಕಟ್ಟುವ ಮೊದಲೇ ಬ್ಯಾಂಕ್, ಆಧಾರ್, ಮೇಲ್, ವಾಟ್ಸಾಪ್ ಯಾವ ನಂಬರಿನಲ್ಲಿವೆ ಎಂದು ಬರೆದಿಟ್ಟುಕೊಳ್ಳಿ. ಆ ನಂಬರನ್ನು ಜೀವಂತ ಇಡಿ, ಇಲ್ಲವೇ ಎಲ್ಲ ಕಡೆ ಬದಲಿಸಿ. ಈಗಾಗಲೇ ಹೋದ ಅಣ್ಣಂದಿರಿಗೆ ಇವತ್ತು ರಾತ್ರಿಯೇ ಒಂದು ಫೋನ್ ಮಾಡಿ ಹೇಳಿ.

ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಕೇಂದ್ರ ಸರಕಾರದ ಸಂಚಾರ ಸಾಥಿ ತಾಣದಲ್ಲಿ, ಅಂದರೆ sancharsaathi.gov.in ನಲ್ಲಿ ನೋಡಬಹುದು. ನಿಮ್ಮದಲ್ಲದ ನಂಬರು ಕಂಡರೆ ಅಲ್ಲೇ ದೂರು ಕೊಡಬಹುದು.

ಇನ್ನು ಸ್ವಲ್ಪ ಕಠಿಣವಾದ ಮಾತು. ಬೇರೆಯವರ ಗುರುತುಗಳನ್ನು ಬಿಡುವುದರಲ್ಲಿ ನಮ್ಮಂಥ ಮಂಡಲಗಳೂ ಹಿಂದಿಲ್ಲ. ಗ್ರಾಮ ಮಟ್ಟದ ಕ್ರಿಕೆಟ್ ಪಂದ್ಯಾಟ ಇಟ್ಟಾಗ ಹೊರಗಿನ ಆಟಗಾರರು ಬರಬಾರದು ಎಂದು ಆಧಾರ್ ಕೇಳುತ್ತೇವೆ. ಹನ್ನೊಂದು ಜನರ ಆಧಾರ್ ನೇರ ಗುಂಪಿಗೇ ಬೀಳುತ್ತದೆ. ಆ ಗುಂಪಿನಲ್ಲಿ ಯಾರ್ಯಾರು ಇದ್ದಾರೆಂದು ಅಡ್ಮಿನ್‌ಗೂ ಗೊತ್ತಿರುವುದಿಲ್ಲ. ಪಂದ್ಯ ಮುಗಿದು ಟ್ರೋಫಿಗೆ ಧೂಳು ಹಿಡಿದರೂ ಆಧಾರ್‌ಗಳು ಅಲ್ಲೇ ಇರುತ್ತವೆ. ರಕ್ತದಾನ ಶಿಬಿರದ ಪಟ್ಟಿ ನೋಡಿ: ಹೆಸರು, ರಕ್ತದ ಗುಂಪು, ವಯಸ್ಸು, ಫೋನ್ ನಂಬರು, ಎಲ್ಲ ಸೇರಿಸಿದ ಪಿಡಿಎಫ್ ಜಿಲ್ಲೆಯಿಡೀ ಸುತ್ತುತ್ತದೆ. ಅದರಲ್ಲಿ ಹೆಣ್ಣುಮಕ್ಕಳ ನಂಬರೂ ಉಂಟು. ಪ್ರತಿಭಾ ಪುರಸ್ಕಾರದ ದಿನ ಮಕ್ಕಳ ಫೋಟೊ, ಹೆಸರು, ಶಾಲೆ, ತರಗತಿ ಬರೆದು ಸಾರ್ವಜನಿಕ ಪುಟದಲ್ಲಿ ಹಾಕುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತೇವೆ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಮಗುವನ್ನಾಗಲಿ ಅದರ ಅಪ್ಪ ಅಮ್ಮನನ್ನಾಗಲಿ ಒಂದು ಮಾತು ಕೇಳಿದ್ದೇವೆಯೇ?

ಖಾಸಗಿತನ ದೊಡ್ಡ ಊರಿನವರ ವಿಷಯ ಎಂದು ತಿಳಿಯಬೇಡಿ. ಅದು ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಪ್ರಕರಣ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಅದೂ ತಮ್ಮ ಇಳಿವಯಸ್ಸಿನಲ್ಲಿ. ಅವರು ಅಷ್ಟು ಹೋರಾಡಿದ ಹಕ್ಕನ್ನು ನಾವು ಕ್ರಿಕೆಟ್ ಗುಂಪಿನಲ್ಲಿ ಫಾರ್ವರ್ಡ್ ಮಾಡಿ ಕಳೆಯುವುದು ಬೇಡ.

ಆಧಾರ್ ಕೊಡಲೇಬೇಕಾದ ಕಡೆ ಮುಚ್ಚಿದ ಆಧಾರ್ ಕೊಡಿ. myaadhaar.uidai.gov.in ನಲ್ಲಿ ಡೌನ್‌ಲೋಡ್ ಮಾಡುವಾಗ Masked Aadhaar ಎಂಬ ಆಯ್ಕೆ ಇದೆ. ಮೊದಲ 8 ಅಂಕೆ ಮುಚ್ಚಿ, ಕೊನೆಯ 4 ಮಾತ್ರ ಕಾಣುತ್ತವೆ. ಊರು ಯಾವುದೆಂದು ನೋಡಲು ಪಂದ್ಯಾಟದವರಿಗೆ ಅಷ್ಟು ಧಾರಾಳ ಸಾಕು.

ಸರಿ, ಇದನ್ನೆಲ್ಲ ಅಭ್ಯಾಸ ಮಾಡಿಕೊಳ್ಳುವುದು ಹೇಗೆ? ನನಗೆ ಅತಿ ಮುಖ್ಯವಾದದ್ದು ಈ ಪ್ರಶ್ನೆಯೇ. ಕೆಲಸದ ಸಂದರ್ಶನಕ್ಕೆ ಎರಡು ದಿನ ಇರುವಾಗ ಗಾಬರಿಯಿಂದ ಹಳೆ ಪೋಸ್ಟು ಅಳಿಸುವವರನ್ನು ನೋಡುತ್ತೇನೆ. ಒಂದೇ ರಾತ್ರಿಯಲ್ಲಿ ಎಲ್ಲ ಮಾಡಲು ಹೋಗಿ, ಬೇಕಾದ ಫೋಟೊ ಅಳಿಸಿ, ಬೇಡದ್ದು ಉಳಿಸಿ, ಮತ್ತೆ ನಾಲ್ಕು ವರ್ಷ ಆ ಕಡೆ ತಿರುಗಿಯೂ ನೋಡುವುದಿಲ್ಲ. ಅಭ್ಯಾಸ ಆಗಬೇಕಾದರೆ ಕೆಲಸ ಸಣ್ಣದಿರಬೇಕು, ದಿನ ಗೊತ್ತಾಗಿರಬೇಕು, ಜೊತೆಗೆ ಜನ ಇರಬೇಕು. ಈ ಮೂರೂ ನಮ್ಮಲ್ಲಿ ಆಗಲೇ ಉಂಟು. ತಿಂಗಳ ಎರಡನೇ ಆದಿತ್ಯವಾರ ಬಸ್ ಸ್ಟಾಪಿನ ಸುತ್ತ, ಶಾಲೆಯ ಅಂಗಳದಲ್ಲಿ ಶ್ರಮದಾನ ಮಾಡುತ್ತೇವಲ್ಲ? ಯಾರೂ ನೆನಪಿಸಬೇಕಾಗಿಲ್ಲ, ಬೆಳಿಗ್ಗೆ ಏಳಕ್ಕೆ ಕತ್ತಿ, ಹಾರೆ ಹಿಡಿದು ಬಂದೇ ಬರುತ್ತೇವೆ. ಅದು ಮುಗಿದು ಅವಲಕ್ಕಿ, ಚಾ ಆಗುವ ಹೊತ್ತಿಗೆ ಇಲ್ಲೇ ಕೂತು ಅರ್ಧ ಗಂಟೆ ಫೋನಿಗೆ ಕೊಡೋಣ. ಸಭೆ ಒಪ್ಪಿದರೆ ನಿರ್ಣಯ ಪುಸ್ತಕದಲ್ಲಿ ಬರೆದುಬಿಡಿ ಎಂದು ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇನೆ.

ತಿಂಗಳಿಗೆ ಒಂದೇ ಕೆಲಸ. ಒಂದು ತಿಂಗಳು ವಾಟ್ಸಾಪ್: ಬೇಡದ ಗುಂಪಿನಿಂದ ಹೊರಬರುವುದು, ಎರಡು ಹಂತದ ಪಿನ್ ಹಾಕುವುದು. ಮತ್ತೊಂದು ತಿಂಗಳು ಗೂಗಲ್: myaccount.google.com/security-checkup ತೆರೆದರೆ ನಿಮ್ಮ ಖಾತೆ ಯಾವ ಯಾವ ಫೋನಿನಲ್ಲಿದೆ, ಯಾವ ಆ್ಯಪಿಗೆ ಒಳಗೆ ಬರಲು ಬಿಟ್ಟಿದ್ದೀರಿ ಎಲ್ಲ ಕಾಣುತ್ತದೆ. ಗುರುತಿಲ್ಲದ್ದನ್ನು ತೆಗೆದುಹಾಕಿ. myactivity.google.com ನಲ್ಲಿ ನಿಮ್ಮ ಹುಡುಕಾಟದ ದಾಖಲೆ 3, 18 ಅಥವಾ 36 ತಿಂಗಳಿಗೆ ತಾನಾಗಿ ಅಳಿಯುವಂತೆ ಒಮ್ಮೆ ಹೇಳಿಟ್ಟರೆ ಸಾಕು, ಮತ್ತೆ ಕೈಹಾಕಬೇಕಾಗಿಲ್ಲ. ಇನ್ನೊಂದು ತಿಂಗಳು ಯುಪಿಐ ಆ್ಯಪಿನಲ್ಲಿ Autopay ತೆರೆದು, ನೋಡದ ಚಾನೆಲ್ಲಿಗೆ ಹಣ ಹೋಗುತ್ತಿದೆಯೇ ಎಂದು ನೋಡುವುದು. ಇದರಲ್ಲಿ ಕೈಗೆ ಹಣವೇ ಉಳಿಯುವುದರಿಂದ ಹುಡುಗರು ತಪ್ಪಿಸಲಿಕ್ಕಿಲ್ಲ ಎಂದು ನನ್ನ ನಂಬಿಕೆ.

ಫೇಸ್‌ಬುಕ್ಕಿನ ಹಳೆ ಪೋಸ್ಟುಗಳಂಥ ದೊಡ್ಡ ಕೆಲಸಕ್ಕೆ ಆಟಿ ತಿಂಗಳು ಇಟ್ಟುಕೊಳ್ಳೋಣ. ಮದುವೆ, ನೇಮ ಯಾವುದೂ ಇಲ್ಲ, ಹೊರಗೆ ಮಳೆ, ಎಲ್ಲರೂ ಮನೆಯಲ್ಲೇ. Limit who can see past posts ಒತ್ತಿದರೆ ಸಾರ್ವಜನಿಕವಾಗಿದ್ದ ಹಳೆಯದೆಲ್ಲ ಒಮ್ಮೆಲೇ ಗೆಳೆಯರಿಗೆ ಮಾತ್ರ ಕಾಣುವಂತಾಗುತ್ತದೆ. ಅಳಿಸುವ ಮೊದಲು ಅಜ್ಜಿಯ ಫೋಟೊ, ಹಳೆ ಯಕ್ಷಗಾನದ ವಿಡಿಯೊ ಬೇರೆ ಕಡೆ ಉಳಿಸಿಕೊಳ್ಳಿ. ಚೊಕ್ಕ ಮಾಡುವ ಭರದಲ್ಲಿ ನೆನಪು ಕಳೆದುಕೊಳ್ಳಬಾರದು.

ಅಳಿಸಲೇಬಾರದ್ದೂ ಒಂದುಂಟು. ಯಾರಾದರೂ ಬೆದರಿಸಿದ್ದರೆ, ಹಣ ಎಗರಿಸಿದ್ದರೆ, ಕೆಟ್ಟ ಮೆಸೇಜು ಕಳಿಸಿದ್ದರೆ ಅದನ್ನು ಅಳಿಸಬೇಡಿ. ಅದು ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದು cybercrime.gov.in ನಲ್ಲಿ ದೂರು ಕೊಡಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ತಂಗಿಯರೇ, ಮನೆಯಲ್ಲಿ ಹೇಳಲು ಹೆದರಿಕೆಯಾದರೆ ಮಹಿಳಾ ಮಂಡಲದ ಅಕ್ಕಂದಿರಿಗೆ ಹೇಳಿ. ಅವರು ನಿಮ್ಮ ಜೊತೆ ಠಾಣೆಗೂ ಬರುತ್ತಾರೆ, ಇವತ್ತು ಸಭೆಗೆ ಬರುವ ಮೊದಲು ನಾನು ಅವರನ್ನು ಕೇಳಿಕೊಂಡೇ ಬಂದಿದ್ದೇನೆ.

ಎಲ್ಲವೂ ಅಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಇನ್ನೊಬ್ಬರ ಫೋನಿಗೆ ಹೋದ ಫೋಟೊ, ಯಾರೋ ತೆಗೆದಿಟ್ಟ ಸ್ಕ್ರೀನ್‌ಶಾಟ್ ನಮ್ಮ ಕೈಯಲ್ಲಿಲ್ಲ. ಹಾಗಾಗಿ ಮಂಡಲದ ಕಡೆಯಿಂದ ಮೂರು ವಿಷಯ ಇವತ್ತೇ ತೀರ್ಮಾನವಾಗಲಿ ಎಂದು ಕೇಳುತ್ತೇನೆ. ಆಟಗಾರರ ಆಧಾರ್ ಗುಂಪಿಗೆ ಬೇಡ, ಕಾರ್ಯದರ್ಶಿಗಳಿಗೆ ತೋರಿಸಿದರೆ ಸಾಕು. ರಕ್ತದಾನಿಗಳ ಪಟ್ಟಿ ಇಬ್ಬರ ಬಳಿ ಮಾತ್ರ ಇರಲಿ, ತುರ್ತು ಬಂದಾಗ ಅವರೇ ದಾನಿಗೆ ಫೋನ್ ಮಾಡಲಿ. ಮಕ್ಕಳ ಫೋಟೊ ಹಾಕುವ ಮೊದಲು ಮನೆಯವರನ್ನು ಕೇಳಿ, ಶಾಲೆಯ ಹೆಸರು ಬಿಟ್ಟು ಹಾಕೋಣ.

ಚಾ ಬರಲು ಇನ್ನೂ ಹತ್ತು ನಿಮಿಷ ಉಂಟಂತೆ. ಎಲ್ಲರೂ ಫೋನ್ ತೆಗೆಯಿರಿ. ವಾಟ್ಸಾಪ್ ತೆರೆದು Linked devices ಒತ್ತಿ. ನಿಮ್ಮದಲ್ಲದ ಕಂಪ್ಯೂಟರು ಅಲ್ಲಿ ಕಂಡರೆ ಅದರ ಮೇಲೆ ಒತ್ತಿ Log out ಕೊಡಿ. ಇಂಗ್ಲಿಷ್ ಓದಲು ಕಷ್ಟವಾಗುವ ಹಿರಿಯರು ಮುಂದಿನ ಬೆಂಚಿಗೆ ಬನ್ನಿ, ಪಿಯುಸಿ ಮಕ್ಕಳು ಒಬ್ಬೊಬ್ಬರ ಪಕ್ಕ ಕೂತುಕೊಳ್ಳಿ. ನಾನು ಹಿಂದಿನ ಸಾಲಿನಿಂದ ಶುರು ಮಾಡಿ ಬರುತ್ತೇನೆ.